ವಾಕೆಡ್, ವಾಕ್ಟು, ವಾಕ್: ಇಂಗ್ಲಿಷ್ ಭೂತಕಾಲದ ಬಾಲ ಎಲ್ಲಿ ಕೆಡುತ್ತಿದೆ ಅಂತ ಪತ್ತೆ ಮಾಡುವುದು

ಇಂಗ್ಲಿಷಿನಲ್ಲಿ ಮುಗಿದುಹೋದ ಕೆಲಸ ಹೇಳುವಾಗ ಹೆಚ್ಚಿನ ಕ್ರಿಯಾಪದಗಳ ಕೊನೆಗೆ ಇ ಮತ್ತು ಡಿ ಎಂಬ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಬರೆಯುವುದು ಒಂದೇ ಥರ, ಉಚ್ಚಾರ ಮಾತ್ರ ಮೂರು ಥರ. ವಾಕ್ ಎಂಬುದು ವಾಕ್ಟ್ ಆಗುತ್ತದೆ, ಪ್ಲೇ ಎಂಬುದು ಪ್ಲೇಡ್ ಆಗುತ್ತದೆ, ವೇಟ್ ಎಂಬುದು ವೇಟಿಡ್ ಆಗುತ್ತದೆ. ಈ ನಿಯಮ ಬಹಳ ಜನರಿಗೆ ಗೊತ್ತು, ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ. ಆದರೂ ಮಾತಿಗೆ ಇಳಿದಾಗ ವಾಕೆಡ್, ಹೆಲ್ಪೆಡ್, ಸ್ಟಾಪೆಡ್ ಅಂತ ಬಂದುಬಿಡುತ್ತದೆ, ಇಲ್ಲವೇ ಬಾಲ ಪೂರ್ತಿ ಉದುರಿಹೋಗಿ ಬರೀ ವಾಕ್ ಉಳಿಯುತ್ತದೆ.

ನಿಯಮ ಗೊತ್ತಿದ್ದೂ ಯಾಕೆ ಹೀಗಾಗುತ್ತದೆ ಅಂದರೆ, ಇಲ್ಲಿ ಇರುವ ದೋಷ ಒಂದಲ್ಲ. ಕನ್ನಡ ಮಾತಾಡುವವರಲ್ಲಿ ನಾಲ್ಕು ಬೇರೆ ಬೇರೆ ದೋಷ ಕಾಣಿಸುತ್ತವೆ. ಒಂದೊಂದಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಬಾಲ ನುಂಗುವವರಿಗೆ ‘ಕೊನೆಯನ್ನು ಒತ್ತಿ ಹೇಳಿ’ ಅಂತ ಸಲಹೆ ಕೊಟ್ಟರೆ ಅವರು ವಾಕೆಡ್ ಅನ್ನಲು ಶುರು ಮಾಡುತ್ತಾರೆ. ವಾಕೆಡ್ ಅನ್ನುವವರಿಗೆ ‘ಕೊನೆಯನ್ನು ಸಣ್ಣ ಮಾಡಿ’ ಅಂದರೆ ಅವರು ಬಾಲವನ್ನೇ ನುಂಗುತ್ತಾರೆ. ಹಾಗಾಗಿ ಅಭ್ಯಾಸಕ್ಕೆ ಕೂರುವ ಮೊದಲು ನಿಮ್ಮದು ಯಾವ ದೋಷ ಅಂತ ತಿಳಿಯಬೇಕು.

ಒಂದು ಸೂಚನೆ: ಇಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕಿವಿಗೆ ಬೀಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರದ ದನಿಗೆ ಜ ಕೆಳಗೆ ಚುಕ್ಕೆ ಇಟ್ಟು ಜ಼ ಅಂತ ಬರೆದಿದ್ದೇನೆ. ಜಾತ್ರೆಯ ಜ ಬೇರೆ, ಈ ಜ಼ ಬೇರೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

## ಸರಿಯಾದದ್ದು ಹೇಗಿರಬೇಕು

ಇಂಗ್ಲಿಷ್ ಪುಸ್ತಕಗಳಲ್ಲಿ ಈ ನಿಯಮಕ್ಕೆ ಉದ್ದದ ಪಟ್ಟಿ ಇರುತ್ತದೆ. ಕನ್ನಡ ವರ್ಣಮಾಲೆ ಕಲಿತವರಿಗೆ ಆ ಪಟ್ಟಿ ಬೇಡ, ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಸಾಲುಗಳೇ ಸಾಕು. ಕ ಖ ಗ ಘ ಙ, ಚ ಛ ಜ ಝ ಞ ಅಂತ ಹೇಳುವಾಗ ಪ್ರತಿ ಸಾಲಿನ ಮೊದಲ ಅಕ್ಷರಕ್ಕೆ ಗಂಟಲು ನಡುಗುವುದಿಲ್ಲ, ಮೂರನೆಯ ಅಕ್ಷರಕ್ಕೆ ನಡುಗುತ್ತದೆ. ಐದನೆಯದಾದ ಅನುನಾಸಿಕಕ್ಕೂ ನಡುಗುತ್ತದೆ. ಕ್ರಿಯಾಪದ ಗಂಟಲು ನಡುಗದ ದನಿಯಲ್ಲಿ ನಿಂತರೆ, ಅಂದರೆ ಕ್, ಚ್, ಪ್, ಫ್, ಸ್, ಶ್ ಇವುಗಳಲ್ಲಿ ನಿಂತರೆ, ಬಾಲ ಟ್. ಕುಕ್ಟ್, ವಾಚ್ಟ್, ಹೆಲ್ಪ್ಟ್, ಲಾಫ್ಟ್, ಪಾಸ್ಟ್, ವಾಶ್ಟ್. ಗಂಟಲು ನಡುಗುವ ದನಿಯಲ್ಲಿ ನಿಂತರೆ ಬಾಲ ಡ್. ಹಗ್ಡ್, ರಬ್ಡ್, ಲಿವ್ಡ್, ಕಾಲ್ಡ್, ಓಪನ್ಡ್. ಸ್ವರಕ್ಕೆ ಯಾವಾಗಲೂ ಗಂಟಲು ನಡುಗುತ್ತದೆ, ಹಾಗಾಗಿ ಪ್ಲೇಡ್, ಟ್ರೈಡ್.

ಉಳಿದದ್ದು ಟ್ ಮತ್ತು ಡ್ ಎರಡೇ. ಕ್ರಿಯಾಪದವೇ ಟ್ ಅಥವಾ ಡ್ ಅಂತ ಮುಗಿದರೆ ಅದರ ಮೇಲೆ ಇನ್ನೊಂದು ಟ್ ಇಟ್ಟರೆ ಕಿವಿಗೆ ಬೇರೆಯಾಗಿ ಕೇಳಿಸುವುದಿಲ್ಲ. ಅದಕ್ಕೇ ನಡುವೆ ಸಣ್ಣದೊಂದು ಇ ಬರುತ್ತದೆ: ವೇಟಿಡ್, ನೀಡಿಡ್, ಸ್ಟಾರ್ಟಿಡ್. ಬಾಲಕ್ಕೆ ಸ್ವರ ಸಿಗುವುದು ಸಾಮಾನ್ಯ ಕ್ರಿಯಾಪದಗಳಲ್ಲಿ ಈ ಎರಡು ದನಿಗಳ ನಂತರ ಮಾತ್ರ.

ಇದು ನಮ್ಮ ಬಾಯಿಗೆ ಹೊಸದೇನಲ್ಲ. ಕನ್ನಡದಲ್ಲಿ ದಿನವೂ ಬಳಸುವ ಸಂಸ್ಕೃತ ಪದಗಳನ್ನೇ ನೋಡಿ: ಮುಕ್ತ, ತೃಪ್ತ, ದಗ್ಧ, ಲಬ್ಧ, ಲಿಖಿತ. ಇವೆಲ್ಲ ‘ಬಿಟ್ಟದ್ದು, ತಣಿದದ್ದು, ಸುಟ್ಟದ್ದು, ಸಿಕ್ಕಿದ್ದು, ಬರೆದದ್ದು’ ಅನ್ನುವಂಥ ರೂಪಗಳು. ಎಲ್ಲದರಲ್ಲೂ ಸೇರಿರುವ ಪ್ರತ್ಯಯ ಒಂದೇ, ಅದು ತ. ಆದರೆ ಮುಕ್ತದಲ್ಲಿ ಕ್ ಜೊತೆ ತ ಆಗಿಯೇ ಉಳಿಯಿತು, ದಗ್ಧದಲ್ಲಿ ಗ್ ಜೊತೆ ಧ ಆಯಿತು, ಲಿಖಿತದಲ್ಲಿ ನಡುವೆ ಇ ಬಂತು. ಆ ಇ ಯಾವಾಗ ಬರುತ್ತದೆ ಎಂಬ ನಿಯಮ ಸಂಸ್ಕೃತದಲ್ಲಿ ಬೇರೆ, ಅದಿರಲಿ. ಮುಖ್ಯ ಮಾತು ಏನೆಂದರೆ ಕ್ತ, ಪ್ತ, ಗ್ಧ, ಬ್ಧ ಎಂಬ ಜೋಡಿಗಳು ನಿಮ್ಮ ನಾಲಿಗೆಗೆ ಚಿಕ್ಕಂದಿನಿಂದ ಬರುತ್ತವೆ. ಮುಕ್ದ ಅಂತಲೋ ದಗ್ತ ಅಂತಲೋ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ, ಅಲ್ವಾ? ಇಂಗ್ಲಿಷಿನವರ ನಾಲಿಗೆಗೂ ವಾಕ್ಡ್ ಹಾಗೇ.

ಹಾಗಾದರೆ ಬರಹದಲ್ಲಿ ಇ ಯಾಕಿದೆ? ಬಹಳ ಹಿಂದೆ ಅದು ನಿಜವಾಗಿಯೂ ಉಚ್ಚಾರದಲ್ಲಿತ್ತು. ಹಳೆಯ ಇಂಗ್ಲಿಷಿನಲ್ಲಿ ಬಾಲಕ್ಕೆ ಸ್ವರ ಇತ್ತು, ಶತಮಾನಗಳು ಕಳೆದಂತೆ ಸ್ವರ ಬಿದ್ದುಹೋಯಿತು, ಕಾಗುಣಿತ ಮಾತ್ರ ಹಾಗೇ ಉಳಿಯಿತು. ಚರ್ಚಿನ ಪ್ರಾರ್ಥನೆಯಲ್ಲಿ ಇವತ್ತಿಗೂ ಬ್ಲೆಸಿಡ್ ಅನ್ನುವುದು ಕೇಳಿಸುತ್ತದಲ್ಲ, ಅದು ಆ ಹಳೆಯ ಉಚ್ಚಾರದ ಪಳೆಯುಳಿಕೆ.

## ಪರೀಕ್ಷೆ: ಎರಡು ರೆಕಾರ್ಡಿಂಗ್ ಬೇಕು

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಒಂದು ಸಾಲದು, ಎರಡು ಬೇಕು. ಮೊದಲನೆಯದರಲ್ಲಿ ಭೂತಕಾಲದ ವಾಕ್ಯಗಳಿರುವ ಒಂದು ಸಣ್ಣ ಇಂಗ್ಲಿಷ್ ಪ್ಯಾರಾ ಓದಿ. ಎರಡನೆಯದರಲ್ಲಿ ಏನೂ ನೋಡದೆ ನಿನ್ನೆ ಏನೇನು ಮಾಡಿದಿರಿ ಅಂತ ಒಂದೆರಡು ನಿಮಿಷ ಇಂಗ್ಲಿಷಿನಲ್ಲೇ ಹೇಳಿ. ಮಾತಿನಲ್ಲಿ ಫಿನಿಶ್, ವಾಕ್, ಕುಕ್, ಕಾಲ್, ವಾಚ್, ವೇಟ್ ಇಂಥ ಕ್ರಿಯಾಪದಗಳು ಬರುವ ಹಾಗೆ ನೋಡಿಕೊಳ್ಳಿ. ವೇಟ್ ಥರದ್ದು, ಅಂದರೆ ಟ್ ಅಥವಾ ಡ್ ಕೊನೆಯದ್ದು, ಕಡಿಮೆ ಅಂದರೂ ಎರಡು ಇರಲೇಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡು ಯಾಕೆ ಬೇಕು ಅಂದರೆ, ಓದುವಾಗ ಕಣ್ಣು ಅಕ್ಷರ ನೋಡುತ್ತಿರುತ್ತದೆ, ಹಾಗಾಗಿ ಕಾಗುಣಿತದಿಂದ ಬರುವ ದೋಷ ಅಲ್ಲಿ ಸಿಕ್ಕಿಬೀಳುತ್ತದೆ. ಮಾತಾಡುವಾಗ ಕಣ್ಣಿಗೆ ಕೆಲಸ ಇಲ್ಲ, ಗಮನ ಎಲ್ಲ ಮುಂದಿನ ಪದ ಹುಡುಕುವುದರಲ್ಲಿ ಇರುತ್ತದೆ, ಹಾಗಾಗಿ ನುಂಗುವ ದೋಷ ಅಲ್ಲಿ ಸಿಗುತ್ತದೆ. ಬರೀ ಓದಿಸಿ ನೋಡುವವರು ಅರ್ಧ ದೋಷವನ್ನು ಮಾತ್ರ ಕಾಣುತ್ತಾರೆ. ಶಾಲೆಗಳಲ್ಲಿ ಆಗುವುದು ಇದೇ, ಮಕ್ಕಳಿಂದ ಪಾಠ ಓದಿಸಿ ತಿದ್ದುತ್ತಾರೆ, ಮಾತಾಡಿಸಿ ತಿದ್ದುವುದು ಕಡಿಮೆ.

## ದೋಷ 1: ಒಂದು ಉಸಿರು ಜಾಸ್ತಿ

ರೆಕಾರ್ಡ್ ಕೇಳುತ್ತಾ ಮೇಜಿನ ಮೇಲೆ ಬೆರಳು ತಟ್ಟಿ, ಪದದ ಒಂದೊಂದು ಸ್ವರಕ್ಕೆ, ಅಂದರೆ ಒಂದೊಂದು ಉಸಿರಿಗೆ, ಒಂದೊಂದು ತಟ್ಟು. ಮೊದಲು ಬರೀ ಕ್ರಿಯಾಪದಕ್ಕೆ ಎಷ್ಟು ತಟ್ಟು ಅಂತ ಎಣಿಸಿ, ಆಮೇಲೆ ಭೂತಕಾಲದ ರೂಪಕ್ಕೆ ಎಣಿಸಿ. ವಾಕ್ ಒಂದು ತಟ್ಟು, ವಾಕ್ಟ್ ಕೂಡ ಒಂದೇ. ಫಿನಿಶ್ ಎರಡು, ಫಿನಿಶ್ಟ್ ಎರಡೇ. ರಿಮೆಂಬರ್ ಮೂರು, ರಿಮೆಂಬರ್ಡ್ ಮೂರೇ. ತಟ್ಟು ಒಂದು ಹೆಚ್ಚಾಗಬೇಕಾದದ್ದು ವೇಟ್, ನೀಡ್ ಥರದವಕ್ಕೆ ಮಾತ್ರ. ನಿಮ್ಮ ರೆಕಾರ್ಡಿನಲ್ಲಿ ಕುಕ್ ಒಂದಿದ್ದದ್ದು ಕುಕೆಡ್ ಆಗಿ ಎರಡಾದರೆ ಇದು ಮೊದಲನೇ ದೋಷ.

ಕಾರಣ ಬಹುತೇಕ ಕಾಗುಣಿತ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ, ಬರೆದು ಓದದೆ ಬಿಡುವ ಅಕ್ಷರ ಅಂತ ಇಲ್ಲ. ಇಂಗ್ಲಿಷನ್ನು ಕಿವಿಯಿಂದ ಕಲಿಯದೆ ಪುಸ್ತಕದಿಂದ ಕಲಿತವರು ಇ ಕಂಡ ತಕ್ಷಣ ಅದಕ್ಕೆ ದನಿ ಕೊಡುತ್ತಾರೆ. ಅದು ಓದುವ ಶಿಸ್ತಿನಿಂದಲೇ ಬಂದ ತಪ್ಪು, ಹಾಗಾಗಿ ಚೆನ್ನಾಗಿ ಓದುವ ಮಕ್ಕಳಲ್ಲೂ ಇದು ಕಾಣಿಸುತ್ತದೆ.

ಪರಿಹಾರ ಕಣ್ಣಿನಿಂದಲೇ ಶುರುವಾಗಬೇಕು. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಕಾಗುಣಿತ ಬಿಟ್ಟು ಕನ್ನಡದಲ್ಲೇ ಬರೆದುಕೊಳ್ಳಿ: ವಾಕ್ಟ್, ಕುಕ್ಟ್, ಹೆಲ್ಪ್ಟ್, ಕಾಲ್ಡ್, ಕ್ಲೀನ್ಡ್. ನಮ್ಮ ಲಿಪಿಗೆ ಒತ್ತಕ್ಷರ ಇರುವುದು ಇಲ್ಲಿ ದೊಡ್ಡ ಅನುಕೂಲ, ಎರಡು ವ್ಯಂಜನ ನಡುವೆ ಸ್ವರ ಇಲ್ಲದೆ ಸೇರಿರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಬೆರಳು ತಟ್ಟುತ್ತಾ ಜೋಡಿಯಾಗಿ ಹೇಳಿ: ಕುಕ್, ಕುಕ್ಟ್. ಕಾಲ್, ಕಾಲ್ಡ್. ಎರಡಕ್ಕೂ ಒಂದೇ ತಟ್ಟು ಬಂದರೆ ಸರಿ.

ಸುಮ್ನೆ ತಲೆ ಕೆಡಿಸಿಕೊಳ್ಳಬಾರದ ವಿಷಯವೂ ಒಂದಿದೆ. ವೇಟಿಡ್ ಬದಲು ವೇಟೆಡ್ ಅಂತ, ಇ ಬದಲು ಎ ಬಂದರೆ ಅದನ್ನು ತಿದ್ದಲು ಸಮಯ ಕಳೆಯಬೇಡಿ. ಆ ಸ್ವರ ಇಂಗ್ಲಿಷ್ ಮಾತಾಡುವ ಊರಿಂದ ಊರಿಗೇ ಸ್ವಲ್ಪ ಬದಲಾಗುತ್ತದೆ. ಕೇಳುವವರಿಗೆ ಮುಖ್ಯವಾಗುವುದು ಅಲ್ಲಿ ಒಂದು ಉಸಿರು ಇದೆಯೋ ಇಲ್ಲವೋ ಅನ್ನುವುದು.

## ದೋಷ 2: ಕೊನೆಯಲ್ಲಿ ಅಂಟಿಕೊಳ್ಳುವ ಉ

ಬಸ್ಸು, ಕಾರು, ಬುಕ್ಕು, ಪೆನ್ನು. ಇಂಗ್ಲಿಷಿನಿಂದ ಬಂದ ಪದಕ್ಕೆ ಕನ್ನಡ ಕೊನೆಯಲ್ಲಿ ಒಂದು ಉ ಕೊಡುತ್ತದೆ, ಯಾಕೆಂದರೆ ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯಬೇಕು. ಅದು ಕನ್ನಡ ಮಾತಾಡುವಾಗ ಸರಿಯಾದದ್ದೇ, ಚಂದವೇ. ಇಂಗ್ಲಿಷ್ ಮಾತಾಡುವಾಗ ಅದೇ ಅಭ್ಯಾಸ ವಾಕ್ಟು, ಕಾಲ್ಡು ಅಂತ ಕಾಣಿಸಿಕೊಳ್ಳುತ್ತದೆ. ಬೆರಳು ತಟ್ಟಿದರೆ ಇಲ್ಲೂ ಒಂದು ತಟ್ಟು ಜಾಸ್ತಿ ಬರುತ್ತದೆ, ಅದಕ್ಕೇ ಇದನ್ನು ಮೊದಲನೇ ದೋಷ ಅಂತ ತಪ್ಪು ತಿಳಿಯುವುದುಂಟು.

ವ್ಯತ್ಯಾಸ ಪತ್ತೆ ಮಾಡುವುದು ಸುಲಭ. ಹೆಚ್ಚಿನ ಸ್ವರ ಟ್ ಅಥವಾ ಡ್‌ಗಿಂತ ಮುಂಚೆ ಬಂತೋ, ನಂತರ ಬಂತೋ ಕೇಳಿ. ಕುಕೆಡ್ ಅಂದರೆ ಮುಂಚೆ, ಅದು ಕಾಗುಣಿತದ ದೋಷ. ಕುಕ್ಟು ಅಂದರೆ ನಂತರ, ಅದು ನಮ್ಮ ನುಡಿಯ ಗುಣ. ಇನ್ನೊಂದು ಗುರುತೂ ಇದೆ. ಎರಡನೇ ದೋಷ ಇರುವವರು ಭೂತಕಾಲ ಅಲ್ಲದ ಪದಗಳಿಗೂ, ಗುಡ್ಡು, ಫಸ್ಟು, ನೆಕ್ಸ್ಟು ಅಂತ ಉ ಸೇರಿಸುತ್ತಿರುತ್ತಾರೆ.

ಇದಕ್ಕೆ ನಿಯಮ ಓದಿ ಪ್ರಯೋಜನ ಇಲ್ಲ, ನಾಲಿಗೆಗೆ ಹೇಳಿಕೊಡಬೇಕು. ರಕ್ತ ಅಂತ ನಿಧಾನವಾಗಿ ಹೇಳಿ. ಕೊನೆಯ ಅ ಬರುವ ಮೊದಲು, ನಾಲಿಗೆ ಇನ್ನೂ ಹಲ್ಲಿಗೆ ತಾಗಿರುವಾಗಲೇ ನಿಲ್ಲಿಸಿ. ರಕ್ತ್. ಅಲ್ಲೇ ನಿಂತಿರಿ, ನಾಲಿಗೆ ಬಿಡಬೇಡಿ. ಹಾಗೇ ಕಷ್ಟ ಅಂತ ಹೇಳಿ ಕಷ್ಟ್ ಅಂತ ನಿಲ್ಲಿಸಿ, ಶಬ್ದ ಅಂತ ಹೇಳಿ ಶಬ್ದ್ ಅಂತ ನಿಲ್ಲಿಸಿ. ಇದು ಬಂದ ಮೇಲೆ ವಾಕ್ಟ್, ವಾಶ್ಟ್, ರಬ್ಡ್ ಅಂತ ಹೋಗಿ. ಜೋಡಿ ಅದೇ, ನಿಲ್ಲುವ ರೀತಿಯೂ ಅದೇ, ರಕ್ತ, ಶಬ್ದಗಳಲ್ಲಿ ಹಲ್ಲಿಗೆ ತಾಗುತ್ತಿದ್ದ ನಾಲಿಗೆ ಮಾತ್ರ ಇಲ್ಲಿ ಹಲ್ಲಿನಿಂದ ಸ್ವಲ್ಪ ಮೇಲಕ್ಕೆ ತಾಗುತ್ತದೆ.

## ದೋಷ 3: ಬಾಲವೇ ಇಲ್ಲ

ಯೆಸ್ಟರ್‌ಡೇ ಐ ವಾಕ್ ಹೋಮ್. ಇದು ಉಳಿದೆಲ್ಲ ದೋಷಗಳಿಗಿಂತ ಜಾಸ್ತಿ ತೊಂದರೆ ಕೊಡುತ್ತದೆ, ಯಾಕೆಂದರೆ ವಾಕೆಡ್ ಅಂದರೂ ಕೇಳುವವರಿಗೆ ಭೂತಕಾಲ ಅಂತ ಗೊತ್ತಾಗುತ್ತದೆ, ವಾಕ್ ಅಂದರೆ ಗೊತ್ತಾಗುವುದಿಲ್ಲ. ನಿನ್ನೆ ಎಂಬ ಪದ ವಾಕ್ಯದಲ್ಲಿ ಇಲ್ಲದಿದ್ದರೆ, ಕೆಲಸ ಮುಗಿದಿದೆಯೋ ದಿನಾ ಮಾಡುತ್ತಾರೋ ಅಂತ ಅವರು ಊಹೆ ಮಾಡಬೇಕು.

ಇಲ್ಲಿ ಒಂದು ಕವಲು ಇದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಬಾಲ ಉದುರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಕ್ಟ್, ಪ್ಟ್ ಥರದ ಜೋಡಿ ಪದದ ಕೊನೆಯಲ್ಲಿ ಬಾಯಿಗೆ ಕಷ್ಟವಾಗಿ ಎರಡನೆಯದು ಬಿದ್ದುಹೋಗುವುದು. ಇನ್ನೊಂದು, ಭೂತಕಾಲ ಹಾಕಬೇಕು ಎಂಬುದೇ ಆ ಕ್ಷಣಕ್ಕೆ ನೆನಪಾಗದಿರುವುದು. ಮೊದಲನೆಯದು ಬಾಯಿಯ ಸಮಸ್ಯೆ, ಎರಡನೆಯದು ವ್ಯಾಕರಣದ ಸಮಸ್ಯೆ. ಕೇಳಲು ಎರಡೂ ಒಂದೇ.

ಬೇರೆ ಮಾಡುವುದು ಹೇಗೆ ಅಂದರೆ, ರೆಕಾರ್ಡಿನಲ್ಲಿ ವೇಟ್ ಥರದ ಪದಗಳು ಇರಲಿ ಅಂದೆನಲ್ಲ, ಅವನ್ನು ಕೇಳಿ. ವೇಟಿಡ್‌ನಲ್ಲಿ ವ್ಯಂಜನಗಳ ಗುಂಪು ಇಲ್ಲ, ಬಾಯಿಗೆ ಏನೂ ಕಷ್ಟ ಇಲ್ಲ. ವಾಕ್ಟ್, ಕುಕ್ಟ್ ಉದುರಿ ವೇಟಿಡ್ ಸರಿಯಾಗಿ ಬಂದಿದ್ದರೆ ನಿಮ್ಮದು ಬಾಯಿಯ ಸಮಸ್ಯೆ. ವೇಟಿಡ್ ಕೂಡ ವೇಟ್ ಆಗಿದ್ದರೆ ಉಚ್ಚಾರದ ಅಭ್ಯಾಸ ಮಾಡಿ ಫಲ ಇಲ್ಲ, ಕಥೆ ಹೇಳುವಾಗ ಭೂತಕಾಲ ತಾನಾಗಿ ಬರುವಷ್ಟು ಮಾತಾಡಬೇಕು. ಅದನ್ನು ಪರೀಕ್ಷಿಸಲು ಗೋ, ಈಟ್, ಸೀ ಥರದ ಪದಗಳನ್ನೂ ನೋಡಿ. ಅಲ್ಲೂ ವೆಂಟ್, ಏಟ್, ಸಾ ಬರುತ್ತಿಲ್ಲ ಅಂದರೆ ಸಂಶಯವೇ ಬೇಡ.

ಬಾಯಿಯ ಸಮಸ್ಯೆಗೆ ಒಳ್ಳೆಯ ಪರಿಹಾರ ಸಂಧಿ. ಮುಂದಿನ ಪದ ಸ್ವರದಿಂದ ಶುರುವಾಗುವ ಹಾಗೆ ವಾಕ್ಯ ಮಾಡಿ, ಬಾಲವನ್ನು ಆ ಸ್ವರಕ್ಕೆ ಕೊಟ್ಟುಬಿಡಿ. ವಾಕ್ಟ್ ಔಟ್ ಎಂಬುದನ್ನು ವಾಕ್-ಟೌಟ್ ಅಂತ ಹೇಳಿ. ಕುಕ್ಟ್ ಇಟ್ ಎಂಬುದನ್ನು ಕುಕ್-ಟಿಟ್ ಅಂತ, ಕಾಲ್ಡ್ ಅಸ್ ಎಂಬುದನ್ನು ಕಾಲ್-ಡಸ್ ಅಂತ, ಪಿಕ್ಟ್ ಅಪ್ ಎಂಬುದನ್ನು ಪಿಕ್-ಟಪ್ ಅಂತ. ಹೀಗೆ ಮಾಡಿದಾಗ ಟ್ ಕೊನೆಯ ವ್ಯಂಜನ ಆಗಿ ಉಳಿಯುವುದಿಲ್ಲ, ಮುಂದಿನ ಅಕ್ಷರದ ಮೊದಲ ವ್ಯಂಜನ ಆಗುತ್ತದೆ, ಕನ್ನಡದ ಬಾಯಿಗೆ ಅದು ಸಲೀಸು. ಇಂಗ್ಲಿಷಿನವರೂ ಮಾತಿನಲ್ಲಿ ಹೀಗೆಯೇ ಸೇರಿಸಿ ಹೇಳುತ್ತಾರೆ, ಇದು ಅಡ್ಡದಾರಿ ಅಲ್ಲ.

ಮುಂದಿನ ಪದ ವ್ಯಂಜನದಿಂದ ಶುರುವಾದರೆ? ವಾಕ್ಟ್ ಬ್ಯಾಕ್, ಆಸ್ಕ್ಟ್ ಮಿ ಥರದ ಕಡೆ ಇಂಗ್ಲಿಷ್ ಮನೆಮಾತಿನವರೇ ವೇಗದಲ್ಲಿ ಟ್ ಅನ್ನು ಅರ್ಧ ನುಂಗುತ್ತಾರೆ, ಕೆಲವೊಮ್ಮೆ ಪೂರ್ತಿ ಬಿಡುತ್ತಾರೆ. ಆಸ್ಕ್ಟ್ ಎಂಬುದು ಅವರ ಬಾಯಲ್ಲೇ ಆಸ್ಟ್ ಆಗುವುದು ಮಾಮೂಲು. ಹಾಗಾಗಿ ರೆಕಾರ್ಡಿನಲ್ಲಿ ವ್ಯಂಜನದ ಮುಂದೆ ಬಾಲ ಕೇಳಿಸದಿದ್ದರೆ ಅದನ್ನು ದೋಷದ ಲೆಕ್ಕಕ್ಕೆ ಸೇರಿಸಬೇಡಿ. ಸ್ವರದ ಮುಂದೆಯೂ ಕೇಳಿಸದಿದ್ದರೆ ಆಗ ಸೇರಿಸಿ.

## ದೋಷ 4: ಬಾಲ ಸರಿ ಇದೆ, ಬುಡ ತಪ್ಪಿದೆ

ಇದು ಸೂಕ್ಷ್ಮವಾದದ್ದು. ಉಸಿರಿನ ಲೆಕ್ಕ ಸರಿ, ಉ ಇಲ್ಲ, ಬಾಲ ಉದುರಿಲ್ಲ, ಆದರೂ ಪದ ಬೇರೆಯೇ ಆಗಿ ಕೇಳಿಸುತ್ತದೆ. ಯೂಸ್ ಮಾಡಿದೆ ಅನ್ನಲು ಯೂಸ್ಟ್, ಕ್ಲೋಸ್ ಮಾಡಿದೆ ಅನ್ನಲು ಕ್ಲೋಸ್ಟ್. ಹೇಳಿದವರು ನಿಯಮವನ್ನೇ ಪಾಲಿಸಿದ್ದಾರೆ ನೋಡಿ, ಸ್ ನಂತರ ಟ್ ಹಾಕಿದ್ದಾರೆ. ತಪ್ಪಿರುವುದು ಸ್‌ನಲ್ಲೇ. ಕಾಗುಣಿತದಲ್ಲಿ ಸ್ ಇದ್ದರೂ ಆ ಕ್ರಿಯಾಪದಗಳ ನಿಜವಾದ ಕೊನೆ ಜ಼್. ಯೂಜ಼್, ಕ್ಲೋಜ಼್, ರೇಜ಼್, ಪ್ಲೀಜ಼್. ಹಾಗಾಗಿ ಯೂಜ಼್ಡ್, ಕ್ಲೋಜ಼್ಡ್, ರೇಜ಼್ಡ್, ಪ್ಲೀಜ಼್ಡ್.

ಕನ್ನಡದ ಮೂಲ ದನಿಗಳಲ್ಲಿ ಜ಼ ಇಲ್ಲ. ಅದನ್ನು ಕೆಲವರು ಸ ಮಾಡುತ್ತಾರೆ, ಕೆಲವರು ಜ ಮಾಡುತ್ತಾರೆ. ಜ ಮಾಡಿದವರಿಗೆ ಬಾಲ ತಾನಾಗಿ ಡ್ ಬರುತ್ತದೆ, ಯಾಕೆಂದರೆ ಜ ಗಂಟಲು ನಡುಗುವ ದನಿ. ಸ ಮಾಡಿದವರಿಗೆ ಬಾಲವೂ ಕೆಡುತ್ತದೆ. ರೇಸ್ಟ್ ಅಂದರೆ ಓಡಿದರು, ರೇಜ಼್ಡ್ ಅಂದರೆ ಎತ್ತಿದರು. ಪ್ರೈಸ್ಟ್ ಅಂದರೆ ಬೆಲೆ ಕಟ್ಟಿದ್ದು, ಪ್ರೈಜ಼್ಡ್ ಅಂದರೆ ಅಮೂಲ್ಯ ಅಂತ ಇಟ್ಟುಕೊಂಡದ್ದು.

ಜ಼ ತೆಗೆಯುವುದು ಹೀಗೆ. ಉಸಿರು ಹೊರಬಿಡುತ್ತಾ ಸ್ ಅನ್ನುವುದನ್ನು ಉದ್ದಕ್ಕೆ ಎಳೆಯಿರಿ, ಸ್ಸ್ಸ್. ನಾಲಿಗೆ ಅಲ್ಲೇ ಇರಲಿ, ಅಲುಗಿಸಬೇಡಿ. ಈಗ ಗಂಟಲಿಗೆ ಮಾತ್ರ ದನಿ ಕೊಡಿ. ಜೇನುಹುಳದ ಝೇಂಕಾರ ಬಂದರೆ ಅದೇ ಜ಼. ಗಂಟಲ ಗುಳ್ಳೆಯ ಮೇಲೆ ಎರಡು ಬೆರಳು ಇಟ್ಟರೆ ಸ್ ಅನ್ನುವಾಗ ಏನೂ ಇಲ್ಲ, ಜ಼್ ಅನ್ನುವಾಗ ನಡುಕ ತಿಳಿಯುತ್ತದೆ. ಇನ್ನೊಂದು ಸಹಾಯವೂ ಇದೆ. ಇಂಗ್ಲಿಷಿನಲ್ಲಿ ಗಂಟಲು ನಡುಗುವ ವ್ಯಂಜನದ ಹಿಂದಿನ ಸ್ವರ ಸ್ವಲ್ಪ ಉದ್ದವಾಗುತ್ತದೆ, ನಡುಗದ್ದರ ಹಿಂದೆ ಮೊಟಕಾಗುತ್ತದೆ. ರೇಜ಼್ಡ್‌ನ ಏ ಎಳೆಯಿರಿ, ರೇಸ್ಟ್‌ನ ಏ ಕತ್ತರಿಸಿ. ಜ಼ ಪೂರ್ತಿ ಬರದಿದ್ದರೂ ಈ ಉದ್ದವನ್ನು ಕೇಳಿಯೇ ಎದುರಿನವರು ಪದವನ್ನು ಬಹುಮಟ್ಟಿಗೆ ಗುರುತಿಸುತ್ತಾರೆ.

ಯೂಸ್ಟ್ ವಿಚಾರದಲ್ಲಿ ಒಂದು ಎಚ್ಚರಿಕೆ. ಹಿಂದೆ ಹೀಗೆ ಮಾಡುತ್ತಿದ್ದೆ ಅನ್ನಲು, ಇಲ್ಲವೇ ಅಭ್ಯಾಸವಾಗಿದೆ ಅನ್ನಲು ಬಳಸುವ ಯೂಸ್ಟ್ ಟು ಮಾತ್ರ ನಿಜವಾಗಿಯೂ ಸ್ ಮತ್ತು ಟ್. ಐ ಯೂಸ್ಟ್ ಟು ಲಿವ್ ಇನ್ ಮೈಸೂರ್ ಸರಿ. ಐ ಯೂಜ಼್ಡ್ ಎ ಪೆನ್ ಕೂಡ ಸರಿ. ಕಾಗುಣಿತ ಎರಡಕ್ಕೂ ಒಂದೇ, ಅರ್ಥ ನೋಡಿ ತೀರ್ಮಾನಿಸಬೇಕು.

ಬುಡದ ದನಿಯನ್ನು ಕಾಗುಣಿತ ಮುಚ್ಚಿಡುವ ಇನ್ನೂ ಕೆಲವು ಪದಗಳಿವೆ. ಲಾಫ್ ಬರೆಯುವಾಗ ಕೊನೆಯಲ್ಲಿ ಜಿ, ಎಚ್ ಇದೆ, ದನಿ ಮಾತ್ರ ಫ್, ಹಾಗಾಗಿ ಲಾಫ್ಟ್. ಫಿಕ್ಸ್‌ನ ಕೊನೆಯಲ್ಲಿ ಇರುವುದು ಕ್ಸ್, ಹಾಗಾಗಿ ಫಿಕ್ಸ್ಟ್. ಡಾನ್ಸ್ ಸ್‌ನಲ್ಲಿ ನಿಲ್ಲುತ್ತದೆ, ಡಾನ್ಸ್ಟ್. ಚೇಂಜ್ ಜ್‌ನಲ್ಲಿ ನಿಲ್ಲುತ್ತದೆ, ಚೇಂಜ್ಡ್. ಅಕ್ಷರ ನೋಡಬೇಡಿ, ಪದವನ್ನು ಒಮ್ಮೆ ಬಾಯಿಬಿಟ್ಟು ಹೇಳಿ ಕೊನೆಯ ದನಿಯಲ್ಲಿ ನಿಂತು ನೋಡಿ.

## ನಿಯಮಕ್ಕೆ ಸಿಗದವು

ನೇಕಿಡ್, ವಿಕಿಡ್, ರಗಿಡ್, ಕ್ರುಕಿಡ್, ರೆಚಿಡ್. ಇವು ಕ್, ಗ್, ಚ್ ನಂತರವೂ ಇಡ್ ಉಳಿಸಿಕೊಂಡಿವೆ. ಇವೆಲ್ಲ ಗುಣವಾಚಕಗಳು, ಇಲ್ಲಿ ಭೂತಕಾಲದ ಮಾತೇ ಇಲ್ಲ. ಲರ್ನ್ಡ್ ಅಂದರೆ ಕಲಿತೆ, ಲರ್ನಿಡ್ ಅಂದರೆ ವಿದ್ವತ್ತುಳ್ಳ. ಹಾಗೇ ಸಪೋಜ಼್ ಎಂಬುದು ಸಪೋಜ಼್ಡ್ ಆಗುತ್ತದೆ, ಅದಕ್ಕೆ ಲಿ ಸೇರಿದಾಗ ಸಪೋಜ಼ಿಡ್ಲಿ ಅಂತ ಇ ಮರಳಿ ಬರುತ್ತದೆ. ಇಂಥವು ಕೆಲವೇ, ಒಂದೊಂದಾಗಿ ನೆನಪಿಟ್ಟರೆ ಸಾಕು.

## ಒಬ್ಬ ಹುಡುಗನ ರೆಕಾರ್ಡಿಂಗ್

ದಾವಣಗೆರೆ ಕಡೆಯ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡಬೇಕು. ಅವನ ದೂರು ಇದು: ‘ಅಣ್ಣಾ, ಎಲ್ಲಾ ಮುಗ್ಸಿದೀನಿ ಅಂತ ಹೇಳಿರ್ತೀನಿ, ಅವ್ರು ಮತ್ತೆ ಯಾವಾಗ ಮುಗಿಸ್ತೀರಾ ಅಂತಾರೆ. ನಂಗೆ ಟ್, ಡ್, ಇಡ್ ರೂಲ್ ಗೊತ್ತೈತಿ.’

ಎರಡು ರೆಕಾರ್ಡ್ ಮಾಡಿಸಿದೆ. ಓದಿದ್ದರಲ್ಲಿ ಚೆಕೆಡ್, ಕಾಲ್ಡ್, ಫಿಕ್ಸೆಡ್, ಅಪ್‌ಡೇಟೆಡ್, ಕ್ಲೋಸ್ಟ್ ಅಂತ ಬಂತು. ಮಾತಾಡಿದ್ದರಲ್ಲಿ ಚೆಕ್ ಇಟ್, ಕಾಲ್ ದ ಬ್ಯಾಂಕ್, ಫಿಕ್ಸ್ ಇಟ್, ಅಪ್‌ಡೇಟೆಡ್ ದ ಶೀಟ್, ಕ್ಲೋಸ್ ಇಟ್ ಅಂತ ಬಂತು. ಓದುವಾಗ ಒಂದು ದೋಷ, ಮಾತಾಡುವಾಗ ಇನ್ನೊಂದು. ಓದಿನ ರೆಕಾರ್ಡ್ ಮಾತ್ರ ಕೇಳಿದ್ದರೆ ‘ಎಕ್ಸ್‌ಟ್ರಾ ಎ ತೆಗೆ’ ಅಂತ ಹೇಳಿ ಕಳಿಸಬೇಕಾಗುತ್ತಿತ್ತು, ಗ್ರಾಹಕರು ಗೊಂದಲವಾಗುತ್ತಿದ್ದದ್ದು ಆ ಎ ಇಂದ ಅಲ್ಲವೇ ಅಲ್ಲ.

ಮಾತಿನ ರೆಕಾರ್ಡಿನಲ್ಲಿ ಅಪ್‌ಡೇಟೆಡ್ ಉಳಿದಿರುವುದನ್ನು ನೋಡಿ. ಭೂತಕಾಲ ಅವನ ತಲೆಯಲ್ಲಿ ಇದೆ, ವ್ಯಾಕರಣ ಸರಿಯಾಗಿದೆ. ಉದುರಿದ್ದು ವ್ಯಂಜನ ಗುಂಪಾಗಿರುವ ಕಡೆ ಮಾತ್ರ. ಕಾಲ್ ದ ಬ್ಯಾಂಕ್ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಲ್ಲಿ ಮುಂದಿನ ಪದವೇ ನಾಲಿಗೆಯನ್ನು ಹಲ್ಲಿನ ಹತ್ತಿರ ಎಳೆಯುತ್ತದೆ, ಡ್ ಅದರಲ್ಲಿ ಕರಗುವುದು ಸಹಜ. ಚೆಕ್ ಇಟ್, ಫಿಕ್ಸ್ ಇಟ್, ಕ್ಲೋಸ್ ಇಟ್ ಮೂರರಲ್ಲೂ ಮುಂದೆ ಸ್ವರ ಇದ್ದರೂ ಬಾಲ ಇಲ್ಲ, ಅವು ದೋಷ. ಜೊತೆಗೆ ಕ್ಲೋಸ್‌ನಲ್ಲಿ ಬುಡದ ಜ಼ ಕೂಡ ಸ ಆಗಿದೆ.

ಹಾಗಾಗಿ ಕ್ರಮ ಹೀಗಿತ್ತು. ಮೊದಲು ಸಂಧಿ ಮಾತ್ರ: ಚೆಕ್-ಟಿಟ್, ಫಿಕ್ಸ್-ಟಿಟ್. ಈ ಹಂತದಲ್ಲಿ ಇಂಗ್ಲಿಷ್ ಬರಹ ಕಣ್ಣಿಗೆ ಬೀಳದಂತೆ ನೋಡಿಕೊಂಡೆವು, ಬರಹ ಕಂಡರೆ ಚೆಕೆಡ್ ಮರಳಿ ಬರುತ್ತಿತ್ತು. ಇಟ್ ಜೊತೆ ಸಲೀಸಾದ ಮೇಲೆ ಆಲ್, ಎವ್ರಿಥಿಂಗ್, ಅಗೇನ್ ಥರದ ಬೇರೆ ಪದಗಳ ಜೊತೆ ಹೇಳಿಸಿದೆ, ಇಲ್ಲದಿದ್ದರೆ ಚೆಕ್ಟಿಟ್ ಎಂಬುದೇ ಒಂದು ಪದವಾಗಿ ಕೂತುಬಿಡುತ್ತದೆ. ಆಮೇಲೆ ಕ್ಲೋಜ಼್, ಕ್ಲೋಜ಼್-ಡಿಟ್. ಓದುವಾಗಿನ ಚೆಕೆಡ್ ಅನ್ನು ಕೊನೆಗೆ ಇಟ್ಟೆವು, ಕನ್ನಡದಲ್ಲಿ ಬರೆದ ಪಟ್ಟಿಯಿಂದ.

ಅವನಿಗೆ ಒಂದು ಸಣ್ಣ ಉಪಾಯವನ್ನೂ ಹೇಳಿದೆ. ಫೋನಿನಲ್ಲಿ ಕೆಲಸ ಮುಗಿದಿದೆ ಅಂತ ಖಚಿತವಾಗಿ ತಿಳಿಸಬೇಕಾದಾಗ ಐ ಚೆಕ್ಟ್ ದ ಬಿಲ್ ಅನ್ನುವುದರ ಬದಲು ಐ ಹ್ಯಾವ್ ಚೆಕ್ಟ್ ಆಲ್ ದ ಬಿಲ್ಸ್ ಅನ್ನಬಹುದು. ಹ್ಯಾವ್ ಇದ್ದರೆ ಬಾಲ ಸರಿಯಾಗಿ ಕೇಳಿಸದಿದ್ದರೂ ಕೆಲಸ ಮುಗಿದದ್ದು ತಿಳಿಯುತ್ತದೆ, ಮತ್ತು ಆಲ್ ಇರುವುದರಿಂದ ಬಾಲಕ್ಕೆ ಹೋಗಿ ಕೂರಲು ಒಂದು ಸ್ವರ ಸಿಗುತ್ತದೆ. ಆದರೆ ಯೆಸ್ಟರ್‌ಡೇ ಅಂತ ಸಮಯ ಹೇಳಿದ ವಾಕ್ಯಕ್ಕೆ ಹ್ಯಾವ್ ಸೇರಿಸುವಂತಿಲ್ಲ, ಅಲ್ಲಿ ಚೆಕ್ಟ್ ಒಂದೇ ದಾರಿ.

ಆಮೇಲಿನ ರೆಕಾರ್ಡುಗಳಲ್ಲಿ ಸ್ವರದ ಮುಂದಿನ ಬಾಲಗಳು ಮೊದಲು ಸರಿಯಾದವು. ವಾಕ್ಯದ ತುದಿಯಲ್ಲಿ ಬರುವ ಬಾಲ, ಉದಾಹರಣೆಗೆ ಇಟ್ ಈಸ್ ಫಿಕ್ಸ್ಟ್ ಅನ್ನುವಾಗಿನದು, ಇನ್ನೂ ಆಗೊಮ್ಮೆ ಈಗೊಮ್ಮೆ ಫಿಕ್ಸ್ಟು ಆಗುತ್ತದೆ. ಅದು ಎರಡನೇ ದೋಷ, ಮೊದಲು ಬಾಲವೇ ಇಲ್ಲದಿದ್ದಾಗ ಕಾಣಿಸುತ್ತಿರಲಿಲ್ಲ, ಬಾಲ ಬಂದ ಮೇಲೆ ಹೊರಗೆ ಬಂತು. ಈಗ ಅದಕ್ಕೆ ರಕ್ತ್, ಕಷ್ಟ್ ಅಭ್ಯಾಸ ನಡೆಯುತ್ತಿದೆ.